ತುದಿಯಿಂದ ಬುಡಕ್ಕೆ: ಎರಡು ವರ್ಷದ ಬಾಂಡಿಗೆ ಬೆಲೆ ಕಟ್ಟುವ ಬಗೆ

ಎರಡು ಬಾಂಡ್‌ಗಳಿವೆ ಎನ್ನಿ. ಎರಡರ ಮುಖಬೆಲೆಯೂ 100 ರೂಪಾಯಿ. ಎರಡೂ ವರ್ಷಕ್ಕೊಮ್ಮೆ ಶೇ. 7.5ರಂತೆ ಬಡ್ಡಿ ಕೊಡುತ್ತವೆ, ಎರಡು ವರ್ಷಕ್ಕೆ ಅವಧಿ ಮುಗಿದಾಗ ಅಸಲು ಹಿಂದಿರುಗಿಸುತ್ತವೆ. ಆದರೆ ಎರಡನೆಯ ಬಾಂಡಿನ ಕರಾರಿನಲ್ಲಿ ಒಂದು ಸಾಲು ಹೆಚ್ಚಿಗೆ ಇದೆ. ಒಂದು ವರ್ಷ ಕಳೆದು ಆ ವರ್ಷದ ಬಡ್ಡಿ ಕೊಟ್ಟ ಮೇಲೆ, ಸಾಲ ಎತ್ತಿದ ಕಂಪನಿ ಬಯಸಿದರೆ ಅಂದೇ 100 ರೂಪಾಯಿ ಕೊಟ್ಟು ಲೆಕ್ಕ ಚುಕ್ತಾ ಮಾಡಬಹುದು. ಮಾರುಕಟ್ಟೆಯವರು ಇದನ್ನು ಕಾಲ್ ಆಪ್ಷನ್ ಎನ್ನುತ್ತಾರೆ.

ಈ ಹಕ್ಕು ಕಂಪನಿಯದು, ಹಣ ಕೊಟ್ಟವರದಲ್ಲ. ಹಾಗಾಗಿ ಎರಡನೆಯ ಬಾಂಡ್ ಮೊದಲನೆಯದಕ್ಕಿಂತ ಅಗ್ಗವಾಗಿರಬೇಕು ಎಂಬುದನ್ನು ಯಾರೂ ಊಹಿಸಬಲ್ಲರು. ಎಷ್ಟು ಅಗ್ಗ ಎಂಬುದೇ ಪ್ರಶ್ನೆ. ಹತ್ತು ಪೈಸೆಯೇ, ಒಂದು ರೂಪಾಯಿಯೇ? ಇದಕ್ಕೆ ಉತ್ತರ ಹುಡುಕಲು ಬಾಂಡ್ ವ್ಯವಹಾರದವರು ಬಳಸುವ ಸಾಧನವೆಂದರೆ ಬಡ್ಡಿದರದ ಬೈನಾಮಿಯಲ್ ಟ್ರೀ, ಅಂದರೆ ಪ್ರತಿ ಹೆಜ್ಜೆಗೂ ಎರಡೆರಡಾಗಿ ಕವಲೊಡೆಯುವ ದರಗಳ ಮರ. ಕಾಗದ, ಪೆನ್ನು, ಸಾಮಾನ್ಯ ಕ್ಯಾಲ್ಕುಲೇಟರ್ ಇದ್ದರೆ ಎರಡು ವರ್ಷದ ಬಾಂಡಿಗೆ ಈ ಲೆಕ್ಕವನ್ನು ಪೂರ್ತಿಯಾಗಿ ಕೈಯಲ್ಲೇ ಮಾಡಬಹುದು.

ಮರವಿಲ್ಲದೆ ಸಿಗುವ ಬೆಲೆ

ಮೊದಲು ಸರಳ ಬಾಂಡನ್ನು ತೆಗೆದುಕೊಳ್ಳೋಣ. ಲೆಕ್ಕಕ್ಕೆ ಅನುಕೂಲವಾಗಲೆಂದು ಮಾರುಕಟ್ಟೆಯ ಸ್ಥಿತಿ ಹೀಗಿದೆ ಎಂದುಕೊಳ್ಳಿ: ಒಂದು ವರ್ಷದ ಸಾಲಕ್ಕೆ ಬಡ್ಡಿ ಶೇ. 6, ಶೇ. 6.5 ಬಡ್ಡಿ ಕೊಡುವ ಎರಡು ವರ್ಷದ ಬಾಂಡ್ ಸರಿಯಾಗಿ 100 ರೂಪಾಯಿಗೆ ಮಾರಾಟವಾಗುತ್ತಿದೆ.

ಇವೆರಡು ಅಂಕಿಗಳಿಂದ ಮುಂದೆ ಬರುವ ಒಂದು ರೂಪಾಯಿಗೆ ಇಂದು ಎಷ್ಟು ಬೆಲೆ ಎಂದು ತಿಳಿಯುತ್ತದೆ. ಒಂದು ವರ್ಷದ ನಂತರ ಬರುವ ರೂಪಾಯಿಯನ್ನು 1.06ರಿಂದ ಭಾಗಿಸಿದರೆ 0.9434. ಎರಡು ವರ್ಷದ ನಂತರದ ರೂಪಾಯಿಯ ಬೆಲೆ ಶೇ. 6.5ರ ಬಾಂಡಿನೊಳಗೆ ಅಡಗಿದೆ. ಅದರ ಮೊದಲ ವರ್ಷದ ಬಡ್ಡಿ 6.50 ರೂಪಾಯಿಗೆ ಇಂದಿನ ಬೆಲೆ 6.132. ನೂರರಲ್ಲಿ ಇದನ್ನು ಕಳೆದರೆ ಉಳಿಯುವ 93.868 ರೂಪಾಯಿ, ಎರಡನೆಯ ವರ್ಷದ ಕೊನೆಗೆ ಬರುವ 106.50 ರೂಪಾಯಿಯ ಇಂದಿನ ಬೆಲೆಯೇ ಆಗಿರಬೇಕು. ಅಂದರೆ ಎರಡು ವರ್ಷದಾಚೆಯ ಒಂದು ರೂಪಾಯಿಗೆ ಇಂದು 0.88139.

ಶೇ. 7.5ರ ಸರಳ ಬಾಂಡ್ ಮೊದಲ ವರ್ಷ 7.50, ಎರಡನೆಯ ವರ್ಷ 107.50 ಕೊಡುತ್ತದೆ. ಮೊದಲನೆಯದರ ಇಂದಿನ ಬೆಲೆ 7.075, ಎರಡನೆಯದರದು 94.749. ಕೂಡಿದರೆ 101.82 ರೂಪಾಯಿ. ಇಲ್ಲಿ ಮರದ ಹಂಗೇ ಬೇಕಾಗಲಿಲ್ಲ. ಯಾವಾಗ ಎಷ್ಟು ಹಣ ಬರುತ್ತದೆ ಎಂಬುದು ಮೊದಲೇ ಗೊತ್ತಿರುವಾಗ ಮುಂದಿನ ವರ್ಷ ಬಡ್ಡಿದರ ಏರಿದರೇನು, ಇಳಿದರೇನು, ಇಂದಿನ ಬೆಲೆ ಅದೇ.

ಕಾಲ್ ಆಪ್ಷನ್ ಇರುವ ಬಾಂಡಿಗೆ ಈ ದಾರಿ ಮುಚ್ಚಿಹೋಗುತ್ತದೆ. ಎರಡನೆಯ ವರ್ಷ 107.50 ಬರುತ್ತದೆಯೋ, ಅಥವಾ ಮೊದಲ ವರ್ಷವೇ 100 ಕೊಟ್ಟು ಕಳಿಸುತ್ತಾರೋ ಎಂಬುದು ಒಂದು ವರ್ಷದ ನಂತರದ ಬಡ್ಡಿದರವನ್ನು ಅವಲಂಬಿಸಿದೆ. ದರ ಇಳಿದಿದ್ದರೆ ಕಂಪನಿ ಶೇ. 7.5ರ ಸಾಲ ತೀರಿಸಿ ಅಗ್ಗದ ಸಾಲ ಎತ್ತುತ್ತದೆ. ಏರಿದ್ದರೆ ಹಳೆಯ ಸಾಲವನ್ನೇ ಇಟ್ಟುಕೊಳ್ಳುತ್ತದೆ. ಹಣ ಬರುವ ದಿನವೇ ದರದ ಕೈಯಲ್ಲಿರುವಾಗ, ಆ ದರ ಯಾವ ಯಾವ ಮಟ್ಟದಲ್ಲಿ ನಿಲ್ಲಬಹುದು ಎಂಬುದನ್ನು ಬರೆದಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಮರ ನೆಡುವುದು

ಎರಡು ವರ್ಷದ ಬಾಂಡಿಗೆ ವರ್ಷಕ್ಕೊಂದು ಹೆಜ್ಜೆಯಿಟ್ಟರೆ ಮರ ಬಹಳ ಚಿಕ್ಕದು. ಬುಡದಲ್ಲಿ ಇಂದಿನ ಒಂದು ವರ್ಷದ ದರ, ಶೇ. 6. ಅಲ್ಲಿಂದ ಎರಡು ಕವಲು. ಒಂದರಲ್ಲಿ ಮುಂದಿನ ವರ್ಷದ ದರ ಏರಿರುತ್ತದೆ, ಇನ್ನೊಂದರಲ್ಲಿ ಇಳಿದಿರುತ್ತದೆ. ಇಂದಿನ ದರ ಕಣ್ಣೆದುರಿಗಿದೆ. ಕಂಡುಹಿಡಿಯಬೇಕಾದದ್ದು ಕವಲುಗಳ ಎರಡು ದರಗಳನ್ನು ಮಾತ್ರ.

ಅದಕ್ಕೆ ಎರಡು ಸಂಗತಿ ಬೇಕು. ಮೊದಲನೆಯದು, ಕವಲುಗಳ ನಡುವಿನ ಅಂತರ. ಬಡ್ಡಿದರ ಒಂದು ವರ್ಷದಲ್ಲಿ ಎಷ್ಟು ತೂಗಾಡುತ್ತದೆ ಎಂಬ ಅಂದಾಜನ್ನು ವೊಲಾಟಿಲಿಟಿ ಎನ್ನುತ್ತಾರೆ. ಅದನ್ನು ಶೇ. 15 ಎಂದು ಇಟ್ಟುಕೊಳ್ಳೋಣ. ಇದು ದರದ ಶೇಕಡಾ 15, ದರಕ್ಕೆ 15 ಅಂಶ ಕೂಡಿಸುವುದಲ್ಲ. ಈ ಬಗೆಯ ಮರಗಳಲ್ಲಿ ಮೇಲಿನ ದರವನ್ನು ಕೆಳಗಿನ ದರದ ಇಂತಿಷ್ಟು ಪಟ್ಟು ಎಂದು ನಿಗದಿ ಮಾಡುವ ರೂಢಿಯಿದೆ. ಸೂತ್ರ ಇಷ್ಟು:

```
r_u = r_d × e^(2σ)
σ = 0.15  →  e^0.30 = 1.34986
```

ಅಂದರೆ ಮೇಲಿನ ದರ ಕೆಳಗಿನದಕ್ಕಿಂತ ಸುಮಾರು 1.35 ಪಟ್ಟು. ಕೂಡಿಸಿ ಕಳೆಯುವ ಬದಲು ಪಟ್ಟು ಹಾಕುವುದರಿಂದ ದರ ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಫಿಶರ್ ಬ್ಲ್ಯಾಕ್, ಇಮ್ಯಾನ್ಯುಯೆಲ್ ಡರ್ಮನ್, ಬಿಲ್ ಟಾಯ್ ಎಂಬ ಮೂವರು ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿದ್ದಾಗ ಕಟ್ಟಿ 1990ರಲ್ಲಿ ಪ್ರಕಟಿಸಿದ ಮಾದರಿ ಇದೇ ಜಾತಿಯದು. 1993ರಲ್ಲಿ ಆಂಡ್ರ್ಯೂ ಕಲೋಟೆ, ಜಾರ್ಜ್ ವಿಲಿಯಮ್ಸ್, ಫ್ರ್ಯಾಂಕ್ ಫಬೊಜಿ ಇದೇ ಬಗೆಯ ಮರದಿಂದ ಕಾಲ್ ಆಪ್ಷನ್ ಇರುವ ಬಾಂಡ್‌ಗಳಿಗೆ ಬೆಲೆ ಕಟ್ಟುವ ವಿಧಾನವನ್ನು ಬಿಡಿಸಿ ಬರೆದರು.

ಎರಡನೆಯ ಸಂಗತಿ, ಈ ಜೋಡಿ ದರಗಳು ನಿಲ್ಲುವ ಎತ್ತರ. ಅದನ್ನು ನಾವು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಮಾರುಕಟ್ಟೆಯಲ್ಲಿ 100 ರೂಪಾಯಿಗೆ ಸಿಗುತ್ತಿರುವ ಶೇ. 6.5ರ ಬಾಂಡಿಗೆ ನಮ್ಮ ಮರವೂ 100 ರೂಪಾಯಿಯನ್ನೇ ಹೇಳಬೇಕು. ಹೇಳುವವರೆಗೆ ದರಗಳನ್ನು ಮೇಲೆ ಕೆಳಗೆ ಸರಿಸುತ್ತಾ ಹೋಗಬೇಕು. ವ್ಯವಹಾರದಲ್ಲಿ ಇದಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು.

ಕೆಳಗಿನ ದರ ಶೇ. 5.5 ಎಂದು ಹಿಡಿದು ನೋಡೋಣ. ಆಗ ಮೇಲಿನದು ಶೇ. 7.424. ಎರಡನೆಯ ವರ್ಷದ ಕೊನೆಗೆ ಬರುವ 106.50 ರೂಪಾಯಿಯ ಬೆಲೆ ಒಂದು ವರ್ಷದ ನಂತರ ಮೇಲಿನ ಕವಲಿನಲ್ಲಿ 99.14, ಕೆಳಗಿನದರಲ್ಲಿ 100.95. ಎರಡರ ಸರಾಸರಿ 100.04. ಇದಕ್ಕೆ ಮೊದಲ ವರ್ಷದ ಬಡ್ಡಿ 6.50 ಕೂಡಿಸಿ 1.06ರಿಂದ ಭಾಗಿಸಿದರೆ 100.51. ಮಾರುಕಟ್ಟೆ ಹೇಳುವುದಕ್ಕಿಂತ 51 ಪೈಸೆ ಹೆಚ್ಚು. ಬೆಲೆ ಹೆಚ್ಚಾಗಿದೆ ಎಂದರೆ ನಾವಿಟ್ಟ ದರ ಕಡಿಮೆಯಾಗಿದೆ ಎಂದರ್ಥ. ಶೇ. 6.5 ಇಟ್ಟು ನೋಡಿದರೆ 99.49 ಬರುತ್ತದೆ, ಈಗ ದರ ಜಾಸ್ತಿಯಾಯಿತು. ಶೇ. 6 ಇಟ್ಟರೆ 99.996, ಗುರಿಯ ಹತ್ತಿರಕ್ಕೇ ಬಂದೆವು. ಇನ್ನೊಂದು ಚೂರು ಇಳಿಸಿ ಶೇ. 5.9965 ಇಟ್ಟರೆ ಮೇಲಿನ ದರ ಶೇ. 8.0944 ಆಗುತ್ತದೆ, ಬೆಲೆ ಸರಿಯಾಗಿ 100.

ಮರ ಸಿದ್ಧವಾಯಿತು:

```
ಇಂದು         1 ವರ್ಷದ ನಂತರ
             ಮೇಲೆ    8.0944%
6.0000%  <
             ಕೆಳಗೆ    5.9965%
```

ಕವಲುಗಳಿಗೆ ಅರ್ಧರ್ಧ ಸಾಧ್ಯತೆ ಕೊಟ್ಟು ಸರಾಸರಿ ತೆಗೆದದ್ದನ್ನು ನೋಡಿ ಕೆಲವರು ಹುಬ್ಬೇರಿಸಬಹುದು. ಮುಂದಿನ ವರ್ಷ ದರ ಇಳಿಯುವುದೇ ಖಚಿತ ಎಂದು ಪತ್ರಿಕೆಗಳೆಲ್ಲ ಬರೆಯುತ್ತಿರುವಾಗ ಅರ್ಧರ್ಧ ಎಂದರೆ ಹೇಗೆ? ಈ ಅರ್ಧ ಯಾರ ಭವಿಷ್ಯವಾಣಿಯೂ ಅಲ್ಲ. ಸಾಧ್ಯತೆಯನ್ನು ಅರ್ಧಕ್ಕೆ ಕಟ್ಟಿಹಾಕಿ, ಮಾರುಕಟ್ಟೆಯ ಬೆಲೆ ಹೊಂದುವಂತೆ ದರಗಳನ್ನು ಸರಿಸಿದ್ದೇವೆ, ಅಷ್ಟೆ. ಮಾರುಕಟ್ಟೆಯವರ ನಿರೀಕ್ಷೆ, ದೀರ್ಘಾವಧಿಗೆ ಹಣ ಕಟ್ಟಿಹಾಕಲು ಅವರು ಕೇಳುವ ಹೆಚ್ಚುವರಿ, ಅವರ ಅಳುಕು ಎಲ್ಲವೂ ಆ 100 ರೂಪಾಯಿಯ ಬೆಲೆಯೊಳಗೇ ಸೇರಿವೆ. ಅಲ್ಲಿಂದ ಅವು ಮರದ ದರಗಳಿಗೆ ಇಳಿದಿವೆ. ಹೀಗಾಗಿ ಶೇ. 8.0944 ಮತ್ತು 5.9965ನ್ನು ಮುಂದಿನ ವರ್ಷದ ಮುನ್ಸೂಚನೆ ಎಂದು ಓದಬಾರದು. ಬೆಲೆಗಳು ಒಂದಕ್ಕೊಂದು ಹೊಂದಿಕೆಯಾಗುವಂತೆ ನೋಡಿಕೊಳ್ಳುವುದಷ್ಟೇ ಅವುಗಳ ಕೆಲಸ.

ಕೊನೆಯಿಂದ ಹಿಂದಕ್ಕೆ

ಮುಹೂರ್ತ ಹತ್ತೂವರೆಗೆ ಎಂದಾದರೆ ಮದುವೆ ಮನೆಯವರು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದು ಬೆಳಗ್ಗೆ ಎಷ್ಟಕ್ಕೆ ಮನೆ ಬಿಡಬೇಕೆಂದು ತೀರ್ಮಾನಿಸುತ್ತಾರೆ. ಬಾಂಡಿನ ಲೆಕ್ಕವೂ ಹಾಗೆಯೇ, ಗೊತ್ತಿರುವ ತುದಿಯಿಂದ ಗೊತ್ತಿಲ್ಲದ ಇಂದಿನ ಕಡೆಗೆ ಬರುತ್ತದೆ. ಎರಡು ವರ್ಷದ ಕೊನೆಗೆ 107.50 ಬರುತ್ತದೆ ಎಂಬುದು ಯಾವ ಕವಲಿನಲ್ಲಿದ್ದರೂ ನಿಜ. ಆ ಖಚಿತ ಮೊತ್ತವೇ ನಮ್ಮ ಆರಂಭ.

ಮೊದಲ ಹೆಜ್ಜೆ ಎರಡನೆಯ ವರ್ಷದ ಕೊನೆಯಿಂದ ಮೊದಲ ವರ್ಷದ ಕೊನೆಗೆ. ಮೇಲಿನ ಕವಲಿನಲ್ಲಿ 107.50ನ್ನು 1.080944ರಿಂದ ಭಾಗಿಸಿದರೆ 99.450. ಕೆಳಗಿನ ಕವಲಿನಲ್ಲಿ 1.059965ರಿಂದ ಭಾಗಿಸಿದರೆ 101.418. ಬಡ್ಡಿ ಕೈಸೇರಿದ ಮರುಕ್ಷಣ ಬಾಂಡಿಗೆ ಇರುವ ಬೆಲೆ ಇವು.

ಎರಡನೆಯ ಹೆಜ್ಜೆ ಮೊದಲ ವರ್ಷದ ಕೊನೆಯಿಂದ ಇಂದಿಗೆ. ಎರಡು ಬೆಲೆಗಳ ಸರಾಸರಿ 100.434. ಯಾವ ಕವಲಿನಲ್ಲಿದ್ದರೂ ಸಿಗುವ ಬಡ್ಡಿ 7.50 ಕೂಡಿಸಿದರೆ 107.934. ಇಂದಿನ ದರ ಶೇ. 6ರಂತೆ ಭಾಗಿಸಿದರೆ 101.825. ಮರವಿಲ್ಲದೆ ಮಾಡಿದ ಲೆಕ್ಕದಲ್ಲೂ ಇದೇ ಬಂದಿತ್ತು.

ಇಷ್ಟೆಲ್ಲ ಸುತ್ತಿ ಬಂದು ಮತ್ತೆ ಅದೇ ಉತ್ತರವೇ ಎಂದು ಬೇಸರಪಡಬೇಕಾಗಿಲ್ಲ. ಉತ್ತರ ಬೇರೆ ಬಂದಿದ್ದರೆ ಮರದಲ್ಲೇ ದೋಷವಿದೆ ಎಂದಾಗುತ್ತಿತ್ತು. ಆಪ್ಷನ್ ಇಲ್ಲದ ಬಾಂಡ್ ಈ ಮರಕ್ಕೆ ಪರೀಕ್ಷೆ, ಅದರಲ್ಲಿ ಪಾಸಾಗದ ಮರವನ್ನು ಮುಂದಿನ ಕೆಲಸಕ್ಕೆ ಬಳಸುವಂತಿಲ್ಲ.

ಪರೀಕ್ಷೆಯಲ್ಲಿ ಮೆಲ್ಲಗೆ ಕಾಲು ಜಾರುವ ಜಾಗವೊಂದಿದೆ. ಎರಡು ಬೆಲೆಗಳ ಸರಾಸರಿ ತೆಗೆಯುವ ಬದಲು ಮೊದಲು ಎರಡು ದರಗಳ ಸರಾಸರಿ ತೆಗೆದು, ಶೇ. 7.0455ರಿಂದ ಒಮ್ಮೆಲೇ ಭಾಗಿಸಿದರೆ ಕೆಲಸ ಉಳಿಯುತ್ತದಲ್ಲ ಎನಿಸಬಹುದು. ಹಾಗೆ ಮಾಡಿದರೆ ಇಂದಿನ ಬೆಲೆ ಸುಮಾರು 0.9 ಪೈಸೆ ಕಡಿಮೆ ಬರುತ್ತದೆ. ದರ ಇಳಿದಾಗ ಬೆಲೆ ಏರುವ ಪ್ರಮಾಣ, ದರ ಅಷ್ಟೇ ಏರಿದಾಗ ಬೆಲೆ ಬೀಳುವ ಪ್ರಮಾಣಕ್ಕಿಂತ ತುಸು ಹೆಚ್ಚಿರುವುದೇ ಇದಕ್ಕೆ ಕಾರಣ. ಒಂದು ಪೈಸೆಗಿಂತ ಕಡಿಮೆಯಲ್ಲವೇ ಎಂದು ಬಿಡಬಹುದು; ಆದರೆ 100 ಕೋಟಿ ರೂಪಾಯಿಯ ಬಾಂಡ್ ಹಿಡಿದವರಿಗೆ ಅದು ಸುಮಾರು 90 ಸಾವಿರ ರೂಪಾಯಿಯ ವ್ಯತ್ಯಾಸ. ಅವಧಿ ಉದ್ದವಾದಂತೆ ಈ ಬಿರುಕು ಅಗಲವಾಗುತ್ತದೆ.

ಒಂದು ಸಾಲಿನ ಬೆಲೆ 67 ಪೈಸೆ

ಈಗ ಕಂಪನಿಗೆ ಕಾಲ್ ಮಾಡುವ ಹಕ್ಕಿರುವ ಬಾಂಡಿಗೆ ಬನ್ನಿ. ಮರ ಅದೇ, ಹೆಜ್ಜೆಗಳೂ ಅವೇ. ಒಂದು ವರ್ಷದ ಗಂಟಿನಲ್ಲಿ ಮಾತ್ರ ನಿಂತು ಒಂದು ಪ್ರಶ್ನೆ ಕೇಳಬೇಕು: ಕಂಪನಿಗೆ ಈಗ ಯಾವುದು ಅಗ್ಗ?

ಮೇಲಿನ ಕವಲಿನಲ್ಲಿ ಬಾಂಡಿನ ಬೆಲೆ 99.450. ಅದನ್ನು 100 ಕೊಟ್ಟು ತೀರಿಸುವುದು ಕಂಪನಿಗೆ ನಷ್ಟ. ಹಾಗಾಗಿ ಹಕ್ಕನ್ನು ಬಳಸುವುದಿಲ್ಲ, ಬೆಲೆ 99.450 ಆಗಿಯೇ ಉಳಿಯುತ್ತದೆ. ಕೆಳಗಿನ ಕವಲಿನಲ್ಲಿ ಬೆಲೆ 101.418. ಇಷ್ಟು ಬಾಳುವ ಸಾಲವನ್ನು 100 ಕೊಟ್ಟು ತೀರಿಸುವ ಅವಕಾಶವಿರುವಾಗ ಕಂಪನಿ ಸುಮ್ಮನಿರುವುದಿಲ್ಲ. ಆದ್ದರಿಂದ ಈ ಕವಲಿನಲ್ಲಿ 101.418ನ್ನು ಹೊಡೆದುಹಾಕಿ 100 ಎಂದು ಬರೆಯಬೇಕು.

ಉಳಿದದ್ದು ಮೊದಲಿನಂತೆಯೇ. 99.450 ಮತ್ತು 100ರ ಸರಾಸರಿ 99.725. ಬಡ್ಡಿ 7.50 ಕೂಡಿಸಿ 1.06ರಿಂದ ಭಾಗಿಸಿದರೆ 101.156. ಸರಳ ಬಾಂಡ್ 101.825, ಇದು 101.156. ವ್ಯತ್ಯಾಸ 67 ಪೈಸೆ. ಕರಾರಿನ ಆ ಒಂದು ಸಾಲಿನ ಬೆಲೆ ಅದು.

ಈ ಕೆಲಸವನ್ನು ಕೊನೆಯಿಂದಲೇ ಮಾಡಬೇಕಾದದ್ದು ಏಕೆಂದು ಇಲ್ಲಿ ತಿಳಿಯುತ್ತದೆ. ಒಂದು ವರ್ಷದ ನಂತರ ಕಂಪನಿ ಏನು ಮಾಡುತ್ತದೆ ಎಂಬುದು, ಬಾಂಡನ್ನು ಮುಂದುವರಿಸಿದರೆ ಅದಕ್ಕೆ ಎಷ್ಟು ಬೆಲೆ ಎಂಬುದರ ಮೇಲೆ ನಿಂತಿದೆ. ಆ ಬೆಲೆ ತಿಳಿಯಬೇಕಾದರೆ ಅದಕ್ಕೂ ಆಚೆಯ ಹಣದ ಲೆಕ್ಕ ಮೊದಲೇ ಆಗಿರಬೇಕು. ಇಂದಿನಿಂದ ಮುಂದಕ್ಕೆ ಹೋಗುವವನು ಗಂಟಿನಲ್ಲಿ ನಿಂತಾಗ ಅವನ ಬಳಿ ಹೋಲಿಸಲು ಅಂಕಿಯೇ ಇರುವುದಿಲ್ಲ.

ಈ ಗಂಟಿನಲ್ಲೇ ಹೊಸಬರು ಹೆಚ್ಚಾಗಿ ಮುಗ್ಗರಿಸುತ್ತಾರೆ. ಬಡ್ಡಿ 7.50ನ್ನು ಮೊದಲೇ ಕೂಡಿಸಿ, ಆ ಮೊತ್ತವನ್ನು 100ರ ಜೊತೆ ಹೋಲಿಸಿಬಿಡುತ್ತಾರೆ. ಆಗ ಮೇಲಿನ ಕವಲಿನಲ್ಲಿ 106.950, ಕೆಳಗಿನದರಲ್ಲಿ 108.918, ಎರಡೂ 100ಕ್ಕಿಂತ ಹೆಚ್ಚು, ಎರಡನ್ನೂ 100 ಎಂದು ತಿದ್ದುತ್ತಾರೆ. ಇಂದಿನ ಬೆಲೆ 94.34 ಎಂದು ಬರುತ್ತದೆ. ಕರಾರಿನ ಪ್ರಕಾರ ಬಡ್ಡಿ ಹೇಗೂ ಕೊಡಲೇಬೇಕಾದದ್ದು. 100 ರೂಪಾಯಿ ಅದರ ಮೇಲೆ. ಈ ತಪ್ಪನ್ನು ಪತ್ತೆ ಹಚ್ಚುವುದು ಸುಲಭ. ಆಪ್ಷನ್ನಿನ ಬೆಲೆ 7.49 ಎಂದು ಬಂದಿದೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಬಡ್ಡಿಯಷ್ಟೇ. ಆಪ್ಷನ್ನಿನ ಬೆಲೆ ಬಡ್ಡಿಯ ಮೊತ್ತವನ್ನೇ ಹೋಲುತ್ತಿದ್ದರೆ ಲೆಕ್ಕದಲ್ಲಿ ಎಲ್ಲೋ ಬಡ್ಡಿಯೇ ನುಂಗಿಹೋಗಿದೆ ಎಂದು ಅನುಮಾನಿಸಬೇಕು.

ತೂಗಾಟ ಹೆಚ್ಚಿದರೆ

ವೊಲಾಟಿಲಿಟಿ ಶೇ. 15 ಎಂದು ನಾವೇ ಇಟ್ಟುಕೊಂಡೆವು. ಅದನ್ನು ಶೇ. 25 ಮಾಡಿ ನೋಡೋಣ. ಆಗ ಕವಲುಗಳ ಅಂತರ 1.65 ಪಟ್ಟು. ಶೇ. 6.5ರ ಬಾಂಡಿಗೆ ಮತ್ತೆ 100 ರೂಪಾಯಿ ಬರುವಂತೆ ದರಗಳನ್ನು ಹೊಂದಿಸಿದರೆ ಮೇಲೆ ಶೇ. 8.793, ಕೆಳಗೆ ಶೇ. 5.333. ಮರದ ಕೈಗಳು ಅಗಲವಾದವು, ಆದರೆ ಅದು ನಿಂತ ಜಾಗ ಹೆಚ್ಚು ಕದಲಲಿಲ್ಲ.

ಸರಳ ಬಾಂಡಿನ ಬೆಲೆ ಈ ಹೊಸ ಮರದಲ್ಲೂ 101.825. ಕಾಲ್ ಆಪ್ಷನ್ ಇರುವ ಬಾಂಡಿನ ಬೆಲೆ ಮಾತ್ರ 100.854ಕ್ಕೆ ಇಳಿಯುತ್ತದೆ, ಆಪ್ಷನ್ನಿನ ಬೆಲೆ 67 ಪೈಸೆಯಿಂದ 97 ಪೈಸೆಗೆ ಏರುತ್ತದೆ. ಕೆಳಗಿನ ಕವಲಿನಲ್ಲಿ ಬಾಂಡ್ ಈಗ 102.06ಕ್ಕೆ ಏರಬಹುದಿತ್ತು, ಅದನ್ನು ಕಂಪನಿ 100ಕ್ಕೆ ಕತ್ತರಿಸಿತು. ಮೇಲಿನ ಕವಲಿನಲ್ಲಿ ಬೆಲೆ 98.81ಕ್ಕೆ ಇನ್ನೂ ಹೆಚ್ಚು ಕುಸಿಯಿತು, ಅದನ್ನು ಹಣ ಹಾಕಿದವರೇ ಹೊತ್ತರು. ಲಾಭಕ್ಕೆ ಮುಚ್ಚಳ ಹಾಕಿ ನಷ್ಟಕ್ಕೆ ಹಾಕದಿದ್ದರೆ ತೂಗಾಟ ಹೆಚ್ಚಿದಷ್ಟೂ ಮುಚ್ಚಳ ಹಾಕಿದವರಿಗೇ ಅನುಕೂಲ.

ಹಾಗಾಗಿ ಈ ಇಡೀ ಲೆಕ್ಕದಲ್ಲಿ ತಕರಾರಿಗೆ ಎಡೆಯಿರುವ ಅಂಕಿ ಇದೊಂದೇ. ಇಂದಿನ ದರವನ್ನೂ ಎರಡು ವರ್ಷದ ಬಾಂಡಿನ ಬೆಲೆಯನ್ನೂ ಮಾರುಕಟ್ಟೆ ತೋರಿಸುತ್ತದೆ. ವೊಲಾಟಿಲಿಟಿಯನ್ನು ಹಳೆಯ ದರಗಳ ಏರಿಳಿತದಿಂದಲೋ, ಮಾರಾಟವಾಗುತ್ತಿರುವ ಇತರ ಆಪ್ಷನ್ನುಗಳ ಬೆಲೆಯಿಂದಲೋ ಅಂದಾಜು ಮಾಡಬೇಕು. ಒಂದೇ ಬಾಂಡಿಗೆ ಇಬ್ಬರು ಬೇರೆ ಬೇರೆ ಬೆಲೆ ಹೇಳಿದರೆ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಹಕ್ಕು ಎರಡೂ ಕಡೆ ಇದ್ದರೆ

ಇದೇ ಹಕ್ಕು ಹೂಡಿಕೆದಾರರಿಗೂ ಇರಬಹುದು. ಒಂದು ವರ್ಷದ ನಂತರ ಬಾಂಡನ್ನು ಕಂಪನಿಗೇ ಹಿಂದಿರುಗಿಸಿ 100 ರೂಪಾಯಿ ಕೇಳುವ ಹಕ್ಕು ಪುಟ್ ಆಪ್ಷನ್. ಲೆಕ್ಕ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಮೇಲಿನ ಕವಲಿನ 99.450ನ್ನು 100ಕ್ಕೆ ಏರಿಸಬೇಕು, ಕೆಳಗಿನ 101.418ನ್ನು ಹಾಗೇ ಬಿಡಬೇಕು. ಇಂದಿನ ಬೆಲೆ 102.084, ಹೂಡಿಕೆದಾರರ ಹಕ್ಕಿಗೆ 26 ಪೈಸೆ.

ಎರಡೂ ಹಕ್ಕುಗಳು ಒಂದೇ ಬಾಂಡಿನಲ್ಲಿದ್ದರೆ? ಮೇಲಿನ ಕವಲಿನಲ್ಲಿ ಹೂಡಿಕೆದಾರರು ಹಿಂದಿರುಗಿಸುತ್ತಾರೆ, ಕೆಳಗಿನದರಲ್ಲಿ ಕಂಪನಿ ತೀರಿಸುತ್ತದೆ. ಎರಡೂ ಕಡೆ 100. ಇಂದಿನ ಬೆಲೆ 107.50 ಭಾಗಿಸು 1.06, ಅಂದರೆ 101.415. ಇದು ಶೇ. 7.5 ಬಡ್ಡಿಯ ಒಂದು ವರ್ಷದ ಬಾಂಡಿನ ಬೆಲೆ! ಹೆಸರಿಗೆ ಎರಡು ವರ್ಷದ್ದಾದರೂ ಎರಡನೆಯ ವರ್ಷ ಅದರ ಬೆಲೆಯೊಳಗೆ ಇಲ್ಲವೇ ಇಲ್ಲ. ವೊಲಾಟಿಲಿಟಿ ಶೇ. 15 ಇರಲಿ, 25 ಇರಲಿ, ಉತ್ತರ ಕದಲುವುದಿಲ್ಲ.

ಇಂಥ ಬಾಂಡ್ ನಮ್ಮಲ್ಲೇ ಬಂದಿತ್ತು. ಭಾರತ ಸರ್ಕಾರ 2002ರ ಜುಲೈ 18ರಂದು ಶೇ. 6.72 ಬಡ್ಡಿಯ ಹತ್ತು ವರ್ಷದ ಬಾಂಡ್ ಹೊರಡಿಸಿತು. ಕಾಲ್ ಮತ್ತು ಪುಟ್ ಎರಡೂ ಹಕ್ಕುಗಳಿದ್ದ ಮೊದಲ ಸರ್ಕಾರಿ ಬಾಂಡ್ ಅದು. 2007ರ ಜುಲೈ 18ರಿಂದ ಮುಂದೆ ಪ್ರತಿ ಅರ್ಧವಾರ್ಷಿಕ ಬಡ್ಡಿಯ ದಿನ ಸರ್ಕಾರ ಮುಖಬೆಲೆಗೆ ಹಿಂದಕ್ಕೆ ಕೊಳ್ಳಬಹುದಿತ್ತು, ಹಿಡಿದವರು ಮುಖಬೆಲೆಗೆ ಹಿಂದಿರುಗಿಸಬಹುದಿತ್ತು. ಹತ್ತು ವರ್ಷದ ಮರವನ್ನು ತುದಿಯಿಂದ ಹಿಡಿದು ಬಂದರೆ ಹಕ್ಕಿರುವ ಕೊನೆಯ ದಿನ ಎಲ್ಲ ಕವಲುಗಳಲ್ಲೂ ಬೆಲೆ 100. ಅದರ ಹಿಂದಿನ ಹಕ್ಕಿನ ದಿನಕ್ಕೆ ಬಂದರೂ, ಬೆಲೆ 100 ದಾಟಿದ ಕಡೆ ಸರ್ಕಾರ ಕೊಳ್ಳುತ್ತದೆ, ಕೆಳಗಿಳಿದ ಕಡೆ ಹಿಡಿದವರು ಹಿಂದಿರುಗಿಸುತ್ತಾರೆ; ಮತ್ತೆ 100. ಹೀಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದು 2007ರ ಜುಲೈಗೆ ಬಂದು ನಿಂತರೆ ಅಲ್ಲೂ ಎಲ್ಲ ಕವಲುಗಳಲ್ಲಿ 100. ಇಬ್ಬರೂ ತಮ್ಮ ಲಾಭವನ್ನಷ್ಟೇ ನೋಡಿ ನಡೆದುಕೊಳ್ಳುತ್ತಾರೆ ಎಂದಾದರೆ, ಹತ್ತು ವರ್ಷದ ಈ ಬಾಂಡಿನ ಬೆಲೆ ಹೊರಡುವ ದಿನ ಐದು ವರ್ಷದ ಬಾಂಡಿನ ಬೆಲೆಯೇ.

ಮರ ಕಾಣದ್ದು

ಇಬ್ಬರೂ ಲಾಭವನ್ನಷ್ಟೇ ನೋಡುತ್ತಾರೆ ಎಂಬ ಮಾತಿನಲ್ಲೇ ಈ ವಿಧಾನದ ಮಿತಿಯೂ ಇದೆ. ಹೊಸ ಸಾಲ ಎತ್ತುವುದಕ್ಕೆ ಕಂಪನಿಗೆ ಖರ್ಚಿದೆ. ನೂರು ರೂಪಾಯಿಗೆ 50 ಪೈಸೆ ಖರ್ಚಾಗುವುದಾದರೆ ಬಾಂಡಿನ ಬೆಲೆ 100.50 ದಾಟದೆ ಕಂಪನಿ ಕಾಲ್ ಮಾಡುವುದಿಲ್ಲ. ನಮ್ಮ ಕೆಳಗಿನ ಕವಲಿನ 101.418 ಅದನ್ನೂ ದಾಟಿತ್ತು, ಆದರೆ ಗಡಿಯ ಹತ್ತಿರದ ಬಾಂಡ್‌ಗಳಲ್ಲಿ ಇದರಿಂದ ಉತ್ತರ ಬದಲಾಗುತ್ತದೆ.

ಎರಡೇ ಕವಲು ಸಾಕೇ ಎಂಬುದೂ ನ್ಯಾಯವಾದ ಪ್ರಶ್ನೆ. ನಿಜವಾದ ದರ ವರ್ಷಕ್ಕೊಮ್ಮೆ ಎರಡರಲ್ಲಿ ಒಂದು ಜಾಗಕ್ಕೆ ಹಾರುವುದಿಲ್ಲ. ಅದಕ್ಕಾಗಿ ಹೆಜ್ಜೆಗಳನ್ನು ಕಿರಿದು ಮಾಡುತ್ತಾರೆ. ಏರಿ ಇಳಿದರೂ, ಇಳಿದು ಏರಿದರೂ ಒಂದೇ ದರಕ್ಕೆ ಬಂದು ಸೇರುವಂತೆ ಮರವನ್ನು ಕಟ್ಟುವುದರಿಂದ ಕವಲುಗಳು ಲೆಕ್ಕ ಮೀರಿ ಹೆಚ್ಚುವುದಿಲ್ಲ. ಎರಡು ವರ್ಷವನ್ನು ತಿಂಗಳುಗಳಾಗಿ ಕತ್ತರಿಸಿದರೂ ಕೊನೆಯ ತಿಂಗಳಿಗೆ ಬರುವ ದರಗಳು 24 ಮಾತ್ರ. ಪ್ರತಿ ಗಂಟಿನಲ್ಲಿ ಮಾಡುವ ಕೆಲಸ ನಾವು ಮಾಡಿದ್ದೇ: ಸರಾಸರಿ ತೆಗೆ, ಬಡ್ಡಿ ಕೂಡಿಸು, ಭಾಗಿಸು, ಹಕ್ಕಿದ್ದರೆ ಹೋಲಿಸು.

ಹೆಜ್ಜೆ ಎಷ್ಟು ಕಿರಿದಾದರೂ ಮರಕ್ಕೆ ಕಾಣದ ಒಂದು ಅಪಾಯವಿದೆ. ಕಂಪನಿ ದುಡ್ಡು ಕೊಡದೇ ಹೋಗಬಹುದು ಎಂಬುದು ಈ ದರಗಳಲ್ಲಿ ಇಲ್ಲ. ಅದಕ್ಕೆ ಮರದ ಎಲ್ಲ ದರಗಳಿಗೂ ಒಂದೇ ಪ್ರಮಾಣದ ಹೆಚ್ಚುವರಿ ಕೂಡಿಸಿ, ಬೆಲೆ ಮಾರುಕಟ್ಟೆಯದಕ್ಕೆ ಹೊಂದುವವರೆಗೆ ನೋಡುತ್ತಾರೆ. ನಮ್ಮ ಬಾಂಡ್ 101.156ರ ಬದಲು 100.81ಕ್ಕೆ ಸಿಗುತ್ತಿದ್ದರೆ, ಮೂರೂ ದರಗಳಿಗೆ ಶೇ. 0.25 ಕೂಡಿಸಿದಾಗ ಮರ ಆ ಬೆಲೆಯನ್ನು ಹೇಳುತ್ತದೆ. ಆಪ್ಷನ್ನಿನ ಬೆಲೆಯನ್ನು ಬದಿಗಿಟ್ಟ ಮೇಲೆ ಆ ಕಂಪನಿಯನ್ನು ನಂಬಿದ್ದಕ್ಕೆ ಸಿಗುವ ಹೆಚ್ಚುವರಿ ಅದು.

ಜಾಹೀರಾತಿನ ಶೇಕಡಾವನ್ನು ಓದುವ ಬಗೆ

ಬಾಂಡ್ ಮಾರುವವರು ಸಾಮಾನ್ಯವಾಗಿ ಬೆಲೆಗಿಂತ ಇಳುವರಿಯನ್ನೇ ದೊಡ್ಡ ಅಕ್ಷರದಲ್ಲಿ ಹೇಳುತ್ತಾರೆ. ನಮ್ಮ ಕಾಲ್ ಆಪ್ಷನ್ ಇರುವ ಬಾಂಡ್ 101.50ಕ್ಕೆ ಬಂದಿದೆ ಎನ್ನಿ. ಎರಡು ವರ್ಷ ಪೂರ್ತಿ ಇಟ್ಟುಕೊಂಡರೆ ಇಳುವರಿ ಶೇ. 6.67. ಮಾರುಕಟ್ಟೆಯಲ್ಲಿ ಎರಡು ವರ್ಷಕ್ಕೆ ಸಿಗುವುದು ಶೇ. 6.5 ಅಷ್ಟೇ ಆದ್ದರಿಂದ ಇದು ಲಾಭದ ಬೇಹಾರದಂತೆ ಕಾಣುತ್ತದೆ. ಆದರೆ ಮರದ ಪ್ರಕಾರ ಇದರ ನ್ಯಾಯವಾದ ಬೆಲೆ 101.16, ಕೊಳ್ಳುವವರು ನೂರಕ್ಕೆ 34 ಪೈಸೆ ಹೆಚ್ಚು ಕೊಡುತ್ತಿದ್ದಾರೆ. ದರ ಇಳಿದು ಕಂಪನಿ ಒಂದೇ ವರ್ಷಕ್ಕೆ ತೀರಿಸಿದರೆ ಅವರಿಗೆ ಸಿಗುವುದು ಶೇ. 5.91, ಒಂದು ವರ್ಷದ ಸಾಮಾನ್ಯ ದರ ಶೇ. 6ಕ್ಕಿಂತಲೂ ಕಡಿಮೆ. ದರ ಏರಿದರೆ ಮಾತ್ರ ಜಾಹೀರಾತಿನ 6.67 ಕೈಗೆ ಬರುತ್ತದೆ, ಆದರೆ ಆಗ ಎರಡನೆಯ ವರ್ಷಕ್ಕೆ ಹೊರಗೆ ಶೇ. 8.09 ಸಿಗುತ್ತಿರುತ್ತದೆ.

101.16 ಬೆಲೆಗೆ ಇದೇ ಬಾಂಡಿನ ಎರಡು ವರ್ಷದ ಇಳುವರಿ ಶೇ. 6.86. ಕಂಪನಿಗೆ ಹಣ ತೀರಿಸುವ ಶಕ್ತಿಯ ಬಗ್ಗೆ ಯಾವ ಅನುಮಾನವೂ ಇಲ್ಲದಿದ್ದರೂ, ಆ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಕಡೇಪಕ್ಷ ಅಷ್ಟನ್ನು ತೋರಿಸದ ಬಾಂಡನ್ನು ಅಗ್ಗ ಎನ್ನುವಂತಿಲ್ಲ.